"ವಾಪಸ್ ಕೇಳಿದರೆ ಏನು ಮಾಡೋದು ಸರ್?"

ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಬೋಧನಾ ಪದ್ಧತಿಯ ಉಪನ್ಯಾಸಕರು ನಿಜವಾದ ತರಗತಿಯಲ್ಲಿ ಒಂದು ಮಾದರಿ ಪಾಠ ಮಾಡಿ ತೋರಿಸಬೇಕೆಂಬುದು ನಮ್ಮ ಕಾಲೇಜಿನ ರೂಢಿ. ಈ ಸಲ ವಾಣಿಜ್ಯ ವಿಷಯದ ಪಾಠ ನನ್ನ ಪಾಲಿಗೆ ಬಂತು. ದ್ವಿತೀಯ ಪಿಯುಸಿ ತರಗತಿ; ಹಿಂದಿನ ಎರಡು ಬೆಂಚುಗಳಲ್ಲಿ ವೀಕ್ಷಣಾ ಪತ್ರ ಹಿಡಿದು ಕುಳಿತ ನಮ್ಮ ಪ್ರಶಿಕ್ಷಣಾರ್ಥಿಗಳು. ಪಠ್ಯಪುಸ್ತಕದ ಪಾಠವನ್ನೇ ಮಾಡಬಹುದಿತ್ತು. ಆದರೆ ಆ ಮಕ್ಕಳು ಸವಕಳಿಯನ್ನು ಹಿಂದಿನ ವರ್ಷವೇ ಕಲಿತಿದ್ದರು. ಕಲಿತದ್ದನ್ನು ಹೊಸ ಸಂದರ್ಭಕ್ಕೆ ಹೇಗೆ ಒಡ್ಡುವುದೆಂದು ತೋರಿಸಬೇಕೆನ್ನಿಸಿ, ಯಂತ್ರ ಕೊಳ್ಳಲು ಸರ್ಕಾರ ಕೊಡುವ ಸಹಾಯಧನವನ್ನು ಲೆಕ್ಕದಲ್ಲಿ ಬರೆಯುವ ವಿಷಯ ಆರಿಸಿಕೊಂಡೆ. ಎರಡು ಅವಧಿಯ ಪಾಠ. ಮೊದಲ ಅವಧಿಯ ಕೊನೆಯಲ್ಲಿ ಒಂದು ತಪ್ಪು ಮಾತು ಹೇಳಿದೆ. ಅದು ಹೇಗಾಯಿತು, ಮರುದಿನ ಅದನ್ನು ಹೇಗೆ ಸರಿಪಡಿಸಿದೆ ಎಂಬುದೇ ಈ ಬರಹ.

ವ್ಯಾಖ್ಯೆಯಿಂದ ಆರಂಭಿಸಲಿಲ್ಲ. ಒಂದು ಎಣ್ಣೆ ಗಾಣದ ಲೆಕ್ಕ ಹಲಗೆಯ ಮೇಲೆ ಬರೆದೆ. ಯಂತ್ರದ ಬೆಲೆ 10,00,000 ರೂಪಾಯಿ. ಬಾಳಿಕೆ 5 ವರ್ಷ, ಕೊನೆಗೆ ಗುಜರಿ ಬೆಲೆ ಏನೂ ಇಲ್ಲ, ಸವಕಳಿ ಸ್ಥಿರ ಕಂತಿನ ವಿಧಾನದಲ್ಲಿ. ಯಂತ್ರ ಕೊಂಡ ದಿನವೇ ಸರ್ಕಾರದಿಂದ 4,00,000 ರೂಪಾಯಿ ಸಹಾಯಧನ ಬಂದಿದೆ. ಷರತ್ತು ಒಂದೇ: ಯಂತ್ರ 5 ವರ್ಷ ಅದೇ ತಾಲೂಕಿನಲ್ಲಿ ಇರಬೇಕು. ಸಹಾಯಧನ ಯಂತ್ರ ಕೊಂಡ ದಿನವೇ ಕೈಗೆ ಬರುವುದು ಪಾಠದ ಲೆಕ್ಕದಲ್ಲಿ ಮಾತ್ರ ಎಂದು ಮುಂದಿನ ಬೆಂಚಿನ ಹುಡುಗನೊಬ್ಬ ಗೊಣಗಿದ. ಅವನ ಮಾತು ನಿಜ. ಆದರೂ ಸದ್ಯಕ್ಕೆ ಹಾಗೇ ಇರಲಿ ಎಂದೆ.

ಮೊದಲ ನಮೂದಿಗೆ ಯಾರೂ ತಡವರಿಸಲಿಲ್ಲ.

ಯಂತ್ರ ಖಾತೆ — ಡೆಬಿಟ್ 10,00,000
ಬ್ಯಾಂಕ್ ಖಾತೆಗೆ — ಕ್ರೆಡಿಟ್ 10,00,000

"ಇನ್ನು ಆ ನಾಲ್ಕು ಲಕ್ಷಕ್ಕೆ ನಮೂದು ಬರೆಯಿರಿ" ಎಂದು ಹೇಳಿ ಐದು ನಿಮಿಷ ಬಿಟ್ಟೆ. ಬೆಂಚುಗಳ ನಡುವೆ ಓಡಾಡುತ್ತಾ ನೋಡಿದರೆ ಮುಕ್ಕಾಲು ತರಗತಿ ಬರೆದದ್ದು ಒಂದೇ: ಬ್ಯಾಂಕ್ ಖಾತೆ ಡೆಬಿಟ್, ಸಹಾಯಧನ ಆದಾಯ ಖಾತೆ ಕ್ರೆಡಿಟ್. ಒಬ್ಬ ಮಾತ್ರ ಬಂಡವಾಳಕ್ಕೆ ಕ್ರೆಡಿಟ್ ಮಾಡಿದ್ದ.

ಮೊದಲ ಉತ್ತರವನ್ನು ತಪ್ಪು ಎಂದು ಅಳಿಸದೆ, ಅದರ ಪರಿಣಾಮವನ್ನು ಅವರಿಂದಲೇ ಲೆಕ್ಕ ಹಾಕಿಸಿದೆ. ಮೊದಲ ವರ್ಷ ಲಾಭ-ನಷ್ಟ ಖಾತೆಗೆ 4,00,000 ಆದಾಯ ಬರುತ್ತದೆ, 2,00,000 ಸವಕಳಿ ಹೋಗುತ್ತದೆ. ಯಂತ್ರದಿಂದ ಒಂದು ತೊಟ್ಟು ಎಣ್ಣೆ ಬರುವ ಮೊದಲೇ 2,00,000 ಲಾಭ. ಆಮೇಲಿನ ನಾಲ್ಕು ವರ್ಷ ಪ್ರತಿ ವರ್ಷ 2,00,000 ಹೊರೆ. "ಕೊಂಡಿದ್ದಕ್ಕೇ ಲಾಭನಾ ಸರ್?" ಎಂದು ಒಬ್ಬಳು ನಕ್ಕಳು. ಸಹಾಯಧನವನ್ನು ಒಂದೇ ವರ್ಷಕ್ಕೆ ಸುರಿಯಬಾರದು, ಯಂತ್ರ ಎಷ್ಟು ವರ್ಷ ದುಡಿಯುತ್ತದೋ ಅಷ್ಟು ವರ್ಷಕ್ಕೂ ಹಂಚಬೇಕು ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಬಂಡವಾಳ ಎಂದು ಬರೆದ ಹುಡುಗನನ್ನೂ ಬಿಡುವಂತಿರಲಿಲ್ಲ. ಅವನ ಉತ್ತರಕ್ಕೂ ಒಂದು ನೆಲೆ ಇದೆ. ನಮ್ಮ ದೇಶದ ಲೆಕ್ಕಪತ್ರ ಮಾನಕ ಎಎಸ್ 12ರಲ್ಲಿ, ಒಂದು ಉದ್ಯಮದ ಒಟ್ಟು ಹೂಡಿಕೆಯನ್ನು ನೋಡಿ, ಪ್ರವರ್ತಕರು ಹಾಕುವ ಬಂಡವಾಳದ ಹಾಗೆ ಸರ್ಕಾರ ಕೊಡುವ, ಸಾಮಾನ್ಯವಾಗಿ ಮರಳಿಸಬೇಕಿಲ್ಲದ ನೆರವನ್ನು ಬಂಡವಾಳ ಮೀಸಲಿಗೇ ಒಯ್ಯಬೇಕು. ನಮ್ಮ ಗಾಣದ ಹಣ ಹಾಗಲ್ಲ. ಅದು ಇಂಥದ್ದೇ ಯಂತ್ರಕ್ಕೆ, ಅದು ಇಂಥಲ್ಲಿಯೇ ಇರಬೇಕೆಂಬ ಷರತ್ತಿನೊಂದಿಗೆ ಬಂದ ಹಣ. ಆಸ್ತಿಗೆ ಸಂಬಂಧಿಸಿದ ಸಹಾಯಧನ ಎಂದು ಕರೆಯುವುದು ಇದನ್ನು. ನಮೂದು ಬರೆಯುವ ಮೊದಲು ಮಂಜೂರಾತಿ ಆದೇಶ ಓದಬೇಕು ಎಂದಷ್ಟೇ ಹೇಳಿ ಮುಂದೆ ಹೋದೆ.

ಮುಂದಕ್ಕೆ ಎರಡು ದಾರಿ. ಹಲಗೆಯನ್ನು ನಡುವೆ ಗೀಟು ಹಾಕಿ ಎರಡು ಭಾಗ ಮಾಡಿದೆ. ಒಂದೇ ಬೀದಿಯಲ್ಲಿ ಅಕ್ಕಪಕ್ಕ ಎರಡು ಗಾಣ, ಒಂದೇ ದಿನ ಕೊಂಡ ಒಂದೇ ಬಗೆಯ ಯಂತ್ರ, ಒಂದೇ ಸಹಾಯಧನ. ಲೆಕ್ಕ ಬರೆಯುವವರು ಮಾತ್ರ ಬೇರೆ.

ಎಡಗಡೆಯ ಗಾಣದವರು ಸಹಾಯಧನವನ್ನು ಯಂತ್ರದ ಬೆಲೆಯಲ್ಲೇ ಕಳೆದರು:

ಬ್ಯಾಂಕ್ ಖಾತೆ — ಡೆಬಿಟ್ 4,00,000
ಯಂತ್ರ ಖಾತೆಗೆ — ಕ್ರೆಡಿಟ್ 4,00,000
(ಯಂತ್ರಕ್ಕೆ ಬಂದ ಸಹಾಯಧನವನ್ನು ಅದರ ಬೆಲೆಯಲ್ಲಿ ಕಳೆದದ್ದು)

ಈಗ ಅವರ ಪುಸ್ತಕದಲ್ಲಿ ಯಂತ್ರದ ಬೆಲೆ 6,00,000. ವರ್ಷದ ಕೊನೆಗೆ ಸವಕಳಿ ಅದರ ಐದನೇ ಒಂದು ಭಾಗ:

ಸವಕಳಿ ಖಾತೆ — ಡೆಬಿಟ್ 1,20,000
ಯಂತ್ರ ಖಾತೆಗೆ — ಕ್ರೆಡಿಟ್ 1,20,000

ಬಲಗಡೆಯವರು ಯಂತ್ರವನ್ನು ಮುಟ್ಟಲಿಲ್ಲ. ಬಂದ ಹಣಕ್ಕೆ ಬೇರೆ ಖಾತೆ ತೆರೆದರು:

ಬ್ಯಾಂಕ್ ಖಾತೆ — ಡೆಬಿಟ್ 4,00,000
ಮುಂದೂಡಿದ ಸಹಾಯಧನ ಖಾತೆಗೆ — ಕ್ರೆಡಿಟ್ 4,00,000

ವರ್ಷದ ಕೊನೆಗೆ ಅವರದು ಎರಡು ನಮೂದು. ಪೂರ್ತಿ ಬೆಲೆಯ ಮೇಲೆ ಸವಕಳಿ, ಜೊತೆಗೆ ಸಹಾಯಧನದಲ್ಲಿ ಆ ವರ್ಷದ ಪಾಲು:

ಸವಕಳಿ ಖಾತೆ — ಡೆಬಿಟ್ 2,00,000
ಯಂತ್ರ ಖಾತೆಗೆ — ಕ್ರೆಡಿಟ್ 2,00,000

ಮುಂದೂಡಿದ ಸಹಾಯಧನ ಖಾತೆ — ಡೆಬಿಟ್ 80,000
ಲಾಭ-ನಷ್ಟ ಖಾತೆಗೆ — ಕ್ರೆಡಿಟ್ 80,000

ಎಡಗಡೆ ಲಾಭದ ಮೇಲೆ ಬೀಳುವ ಹೊರೆ 1,20,000. ಬಲಗಡೆ 2,00,000ದಲ್ಲಿ 80,000 ಕಳೆದರೆ ಅದೇ 1,20,000. ವ್ಯತ್ಯಾಸ ಇರುವುದು ಅಢಾವೆ ಪತ್ರಿಕೆಯಲ್ಲಿ. ಮೊದಲ ವರ್ಷದ ಕೊನೆಗೆ ಎಡಗಡೆ ಯಂತ್ರ 4,80,000ಕ್ಕೆ ನಿಂತಿದೆ, ಅಷ್ಟೇ. ಬಲಗಡೆ ಯಂತ್ರ 8,00,000ಕ್ಕೆ ನಿಂತಿದೆ, ಎದುರಿನಲ್ಲಿ ಮುಂದೂಡಿದ ಸಹಾಯಧನ 3,20,000 ಇದೆ. ಎರಡರ ನಡುವಿನ ಅಂತರವೂ ಅದೇ 3,20,000. ಗಾಣದಲ್ಲಿ ನಿಜವಾಗಿ ಎಷ್ಟು ಬೆಲೆಯ ಯಂತ್ರ ಇದೆ ಎಂದು ನೋಡಬೇಕಾದವರಿಗೆ ಬಲಗಡೆಯ ಪುಸ್ತಕ ಹೆಚ್ಚು ಹೇಳುತ್ತದೆ. ಎಡಗಡೆಯದು ಚಿಕ್ಕ ಲೆಕ್ಕ, ಮರೆಯುವ ಭಯವಿಲ್ಲ. ಒಮ್ಮೆ ಕಳೆದರೆ ಮುಗಿಯಿತು, ಪ್ರತಿ ವರ್ಷ ಎರಡನೇ ನಮೂದು ನೆನಪಿಡಬೇಕಿಲ್ಲ. ಆದರೆ ನಾಲ್ಕನೇ ವರ್ಷದಲ್ಲಿ ಆ ಪುಸ್ತಕ ಮಾತ್ರ ನೋಡಿದವರಿಗೆ ಸಹಾಯಧನ ಬಂದಿತ್ತೆಂಬ ಸುಳಿವೂ ಸಿಗುವುದಿಲ್ಲ. ಆ ಕಾರಣಕ್ಕೇ ಟಿಪ್ಪಣಿಯಲ್ಲಿ ತಿಳಿಸಬೇಕೆಂದು ಮಾನಕ ಹೇಳುತ್ತದೆ.

ಇಲ್ಲಿ ಒಂದು ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳೂ ಅದಕ್ಕೆ ಸಿದ್ಧರಿರಬೇಕು. "ಕ್ರೆಡಿಟ್ ಶಿಲ್ಕು ಇದೆ, ಅಢಾವೆ ಪತ್ರಿಕೆಯಲ್ಲಿ ಸಾಲದ ಕಡೆಗೇ ಕೂತಿದೆ. ಹಾಗಾದರೆ ನಾವು ಸರ್ಕಾರಕ್ಕೆ ಇಷ್ಟು ಹಣ ಕೊಡಬೇಕಾ?" ಇಲ್ಲ. ಅದು ಕೊಡಬೇಕಾದ ಹಣವಲ್ಲ, ಇನ್ನೂ ಆದಾಯವೆಂದು ಬರೆದುಕೊಳ್ಳದ ಹಣ. ವರ್ಷದ ಚಂದಾ ಮುಂಗಡವಾಗಿ ಪಡೆದ ಪತ್ರಿಕೆಯವರ ಲೆಕ್ಕ ನೆನಪಿಸಿದೆ. ಅವರೂ ಹಣ ವಾಪಸ್ ಕೊಡುವುದಿಲ್ಲ, ತಿಂಗಳು ತಿಂಗಳು ಸಂಚಿಕೆ ಕಳಿಸುತ್ತಾ ಅದನ್ನು ಆದಾಯ ಮಾಡಿಕೊಳ್ಳುತ್ತಾರೆ. ಹೋಲಿಕೆ ಪೂರ್ತಿ ಸರಿಯಲ್ಲ. ಗಾಣದವರು ಸರ್ಕಾರಕ್ಕೆ ಏನನ್ನೂ ಕಳಿಸಬೇಕಿಲ್ಲ. ಆದರೂ ತರಗತಿಗೆ ವಿಷಯ ಹತ್ತಿತು.

ಗಂಟೆ ಬಾರಿಸಲು ಐದಾರು ನಿಮಿಷ ಉಳಿದಿತ್ತು. ಎರಡೂ ಕಡೆಯ ಐದು ವರ್ಷದ ಒಟ್ಟು ಹಾಕಿಸಿದೆ. ಎರಡೂ ಕಡೆ 6,00,000. "ಎರಡರಲ್ಲಿ ಯಾವ ದಾರಿ ಹಿಡಿದರೂ, ಯಾವ ವರ್ಷ ನೋಡಿದರೂ, ಲಾಭ ಒಂದೇ" ಎಂದು ಹೇಳಿ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದೆ.

ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. "ಸರ್, ಯಂತ್ರ ಬೇರೆ ತಾಲೂಕಿಗೆ ಒಯ್ದರೆ ಸಬ್ಸಿಡಿ ವಾಪಸ್ ಕೇಳ್ತಾರಲ್ಲ. ವಾಪಸ್ ಕೇಳಿದರೆ ಏನು ಮಾಡೋದು ಸರ್? ಆಗಲೂ ಎರಡೂ ಒಂದೇನಾ?"

"ಒಂದೇ" ಎಂದೆ. ಗಂಟೆ ಬಾರಿಸಿತು.

ಪಾಠದ ನಂತರ ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪತ್ರಗಳನ್ನು ಓದುವುದು ನನ್ನ ಅಭ್ಯಾಸ. ಹೆಚ್ಚಿನವರು ಹಲಗೆ ಬಳಕೆ, ಪ್ರಶ್ನೆ ಕೇಳುವ ರೀತಿ ಮುಂತಾದ ಕಡೆ ಒಳ್ಳೆಯ ಮಾತು ಬರೆದಿದ್ದರು. ಒಬ್ಬರು ಮಾತ್ರ "ಕೊನೆಯ ಪ್ರಶ್ನೆಗೆ ಲೆಕ್ಕವಿಲ್ಲದೆ ಉತ್ತರ ಕೊಡಲಾಯಿತು" ಎಂದು ಬರೆದಿದ್ದರು. ಸಣ್ಣ ಅಕ್ಷರ, ಪೆನ್ಸಿಲ್‌ನಲ್ಲಿ. ಓದಿ ಸ್ವಲ್ಪ ಮುಜುಗರವಾಯಿತು. ಅಂದು ರಾತ್ರಿ ಊಟವಾದ ಮೇಲೆ ಹಾಳೆ ತೆಗೆದು ಲೆಕ್ಕ ಹಾಕಿದೆ. ಒಂದೇ ಆಗಿರಲಿಲ್ಲ.

ಮರುದಿನ ಎರಡನೇ ಅವಧಿಯನ್ನು ಅಲ್ಲಿಂದಲೇ ಆರಂಭಿಸಿದೆ. "ನಿನ್ನೆ ಇವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ತಪ್ಪು. ಎಲ್ಲಿ ತಪ್ಪಿದೆ ಅಂತ ಈಗ ಒಟ್ಟಿಗೆ ನೋಡೋಣ" ಎಂದೆ. ಆ ಹುಡುಗಿ ತಲೆ ತಗ್ಗಿಸಿದಳು, ತಪ್ಪು ತಾನೇ ಮಾಡಿದ ಹಾಗೆ.

ಮೂರು ವರ್ಷ ಮುಗಿದಿದೆ ಎಂದುಕೊಳ್ಳಿ ಎಂದೆ. ನಾಲ್ಕನೇ ವರ್ಷದ ಮೊದಲ ದಿನ ಎರಡೂ ಗಾಣದವರು ಯಂತ್ರಗಳನ್ನು ಪಕ್ಕದ ತಾಲೂಕಿಗೆ ಸಾಗಿಸಿದ್ದಾರೆ. ವ್ಯವಹಾರ ನಡೆಯುತ್ತಲೇ ಇದೆ, ಆದರೆ ಷರತ್ತು ಮುರಿದಿದೆ. ಸರ್ಕಾರ 4,00,000ವನ್ನೂ ಪೂರ್ತಿ ವಾಪಸ್ ಪಡೆದಿದೆ. ಆ ದಿನ ಪುಸ್ತಕಗಳಲ್ಲಿ ಏನಿದೆ? ಎಡಗಡೆ 6,00,000ದಲ್ಲಿ ಮೂರು ವರ್ಷದ ಸವಕಳಿ 3,60,000 ಹೋಗಿ ಯಂತ್ರ 2,40,000ಕ್ಕೆ ನಿಂತಿದೆ. ಬಲಗಡೆ ಯಂತ್ರ 4,00,000ಕ್ಕೆ ನಿಂತಿದೆ, ಮುಂದೂಡಿದ ಸಹಾಯಧನದ ಖಾತೆಯಲ್ಲಿ 1,60,000 ಉಳಿದಿದೆ.

ಬಲಗಡೆಯ ನಮೂದನ್ನು ಮೊದಲು ಬರೆಸಿದೆ. ಉಳಿದ ಶಿಲ್ಕನ್ನು ಮೊದಲು ಖಾಲಿ ಮಾಡಬೇಕು. ಅದು ಸಾಲದೆ ಬಂದದ್ದು ಲಾಭ-ನಷ್ಟಕ್ಕೆ:

ಮುಂದೂಡಿದ ಸಹಾಯಧನ ಖಾತೆ — ಡೆಬಿಟ್ 1,60,000
ಲಾಭ-ನಷ್ಟ ಖಾತೆ — ಡೆಬಿಟ್ 2,40,000
ಬ್ಯಾಂಕ್ ಖಾತೆಗೆ — ಕ್ರೆಡಿಟ್ 4,00,000

ಆ 2,40,000 ಎಲ್ಲಿಂದ ಬಂತು ಎಂದು ಕೇಳಿದೆ. ಹಿಂದಿನ ಮೂರು ವರ್ಷ ವರ್ಷಕ್ಕೆ 80,000ದಂತೆ ಆದಾಯವೆಂದು ಬರೆದುಕೊಂಡದ್ದು ಎಂದು ಮೂರ್ನಾಲ್ಕು ದನಿ ಒಟ್ಟಿಗೆ ಬಂದವು. ಯಂತ್ರದ ಸವಕಳಿ ಮಾತ್ರ ಮೊದಲಿನಂತೆಯೇ, ವರ್ಷಕ್ಕೆ 2,00,000. ಹಾಗಾಗಿ ನಾಲ್ಕನೇ ವರ್ಷದ ಒಟ್ಟು ಹೊರೆ 4,40,000, ಐದನೇ ವರ್ಷದ್ದು 2,00,000.

ಎಡಗಡೆ ಖಾಲಿ ಮಾಡಲು ಬೇರೆ ಖಾತೆಯೇ ಇಲ್ಲ. ಎಎಸ್ 12ರ ಪ್ರಕಾರ ಮರಳಿಸಿದ ಹಣವನ್ನು ಯಂತ್ರದ ಪುಸ್ತಕ ಬೆಲೆಗೆ ಸೇರಿಸಬೇಕು:

ಯಂತ್ರ ಖಾತೆ — ಡೆಬಿಟ್ 4,00,000
ಬ್ಯಾಂಕ್ ಖಾತೆಗೆ — ಕ್ರೆಡಿಟ್ 4,00,000

ಯಂತ್ರದ ಬೆಲೆ ಈಗ 2,40,000ಕ್ಕೆ 4,00,000 ಸೇರಿ 6,40,000. ಈ ಹೊಸ ಬೆಲೆಯನ್ನು ಉಳಿದಿರುವ ಬಾಳಿಕೆಗೆ ಮುಂದಕ್ಕೆ ಮಾತ್ರ ಹಂಚಬೇಕು. ಹಿಂದಿನ ವರ್ಷಗಳನ್ನು ಕೆದಕುವಂತಿಲ್ಲ. ಉಳಿದಿರುವುದು ಎರಡು ವರ್ಷ. ವರ್ಷಕ್ಕೆ 3,20,000.

ಅಲ್ಲಿಗೆ ತರಗತಿ ಸುಮ್ಮನಾಯಿತು. ನಾಲ್ಕನೇ ವರ್ಷ ಎಡಗಡೆ 3,20,000, ಬಲಗಡೆ 4,40,000. ಒಂದೇ ಬೀದಿಯಿಂದ ಹೊರಟ, ಒಂದೇ ದಿನ ದಂಡ ತೆತ್ತ ಎರಡು ಗಾಣಗಳ ಲಾಭದಲ್ಲಿ 1,20,000 ರೂಪಾಯಿ ಅಂತರ. ಐದನೇ ವರ್ಷ ಅಂತರ ತಿರುಗಿ ನಿಲ್ಲುತ್ತದೆ: ಎಡಗಡೆ 3,20,000, ಬಲಗಡೆ 2,00,000. ಐದು ವರ್ಷದ ಒಟ್ಟು ಮಾತ್ರ ಎರಡೂ ಕಡೆ 10,00,000. ಸಹಾಯಧನ ಕೊನೆಗೂ ಸಿಗದ ಯಂತ್ರಕ್ಕೆ ಪೂರ್ತಿ ಬೆಲೆ ತೆತ್ತಂತಾಯಿತು. ಒಟ್ಟು ಕೂಡಿ ಬರುತ್ತದೆಯೇ ಎಂದು ತಾಳೆ ನೋಡುವ ರೀತಿಯನ್ನು ಇಲ್ಲೇ ಹೇಳಿಕೊಟ್ಟೆ. ಕೂಡಿ ಬರದಿದ್ದರೆ ಎಲ್ಲೋ ಒಂದು ನಮೂದು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ.

ಮೊದಲ ದಿನದ ನನ್ನ ತಪ್ಪಿಗೆ ಒಂದು ಕಾರಣವಿತ್ತು. ಅದನ್ನು ಮಕ್ಕಳಿಗೆ ಚುಟುಕಾಗಿ ಹೇಳಿದೆ, ಪ್ರಶಿಕ್ಷಣಾರ್ಥಿಗಳಿಗೆ ಆಮೇಲೆ ವಿವರವಾಗಿ ಹೇಳಿದೆ. ನಮ್ಮಲ್ಲಿ ಈಗ ಎರಡು ಮಾನಕಗಳು ಚಾಲ್ತಿಯಲ್ಲಿವೆ. ಷೇರುಪೇಟೆಯಲ್ಲಿರುವ ಕಂಪನಿಗಳು, ದೊಡ್ಡ ಕಂಪನಿಗಳು ಇಂಡ್ ಎಎಸ್ 20 ಅನುಸರಿಸುತ್ತವೆ. ಗಾಣದಂಥ ಸಣ್ಣ ಉದ್ಯಮಗಳಿಗೆ ಎಎಸ್ 12. ಇಂಡ್ ಎಎಸ್ 20ರಲ್ಲಿ ಮೊದಮೊದಲು ಬೆಲೆಯಲ್ಲಿ ಕಳೆಯುವ ದಾರಿಯೇ ಇರಲಿಲ್ಲ, ಮುಂದೂಡಿದ ಆದಾಯವೊಂದೇ ದಾರಿ. 2018ರ ತಿದ್ದುಪಡಿಯಿಂದ ಎರಡಕ್ಕೂ ಅವಕಾಶ ಬಂತು; ಅಂತರರಾಷ್ಟ್ರೀಯ ಮಾನಕ ಐಎಎಸ್ 20ರಲ್ಲಿ ಅದು ಮೊದಲಿನಿಂದಲೂ ಇದೆ. ಇಂಡ್ ಎಎಸ್ 20ರ ಪ್ರಕಾರ ಎಡಗಡೆಯವರು ಹಣ ಮರಳಿಸಿದಾಗ ಬೆಲೆಗೆ ಸೇರಿಸಿ ಸುಮ್ಮನಿರುವಂತಿಲ್ಲ. ಸಹಾಯಧನ ಬಂದೇ ಇಲ್ಲದಿದ್ದರೆ ಅಲ್ಲಿಯವರೆಗೆ ಎಷ್ಟು ಹೆಚ್ಚು ಸವಕಳಿ ಬರೆಯಬೇಕಿತ್ತೋ ಅಷ್ಟನ್ನು ತಕ್ಷಣ ಲಾಭ-ನಷ್ಟಕ್ಕೆ ತೆಗೆದುಕೊಳ್ಳಬೇಕು:

ಯಂತ್ರ ಖಾತೆ — ಡೆಬಿಟ್ 4,00,000
ಬ್ಯಾಂಕ್ ಖಾತೆಗೆ — ಕ್ರೆಡಿಟ್ 4,00,000

ಲಾಭ-ನಷ್ಟ ಖಾತೆ — ಡೆಬಿಟ್ 2,40,000
ಯಂತ್ರ ಖಾತೆಗೆ — ಕ್ರೆಡಿಟ್ 2,40,000

ಹೀಗೆ ಮಾಡಿದರೆ ಯಂತ್ರ 4,00,000ಕ್ಕೆ ಬಂದು ನಿಲ್ಲುತ್ತದೆ, ಮುಂದೆ ವರ್ಷಕ್ಕೆ 2,00,000 ಸವಕಳಿ. ನಾಲ್ಕನೇ ವರ್ಷದ ಹೊರೆ 4,40,000, ಬಲಗಡೆಯಷ್ಟೇ. "ಆಗಲೂ ಒಂದೇ" ಎಂಬ ನನ್ನ ಮಾತು ಇಂಡ್ ಎಎಸ್‌ನಲ್ಲಿ ನಿಜ, ಗಾಣದ ಪುಸ್ತಕದಲ್ಲಿ ಸುಳ್ಳು. ಒಂದು ಮಾನಕದ ಉತ್ತರವನ್ನು ಇನ್ನೊಂದರ ಲೆಕ್ಕಕ್ಕೆ ಕೊಟ್ಟಿದ್ದೆ. ಹಣ ಮರಳಿಸುವ ಪ್ರಸಂಗ ಬರುವವರೆಗೆ ಇಂಥ ಲೆಕ್ಕದಲ್ಲಿ ಎರಡು ಮಾನಕಗಳ ಉತ್ತರ ಬೇರೆಯಾಗುವುದಿಲ್ಲವಾದ್ದರಿಂದ ತಪ್ಪು ಮೈಮೇಲೆ ಬರುವುದು ತಡವಾಗಿಯೇ.

ಈ ಹಂತದಲ್ಲಿ ಬಲಗಡೆಯ ಗಾಣದ ಪರವಾಗಿ ಒಬ್ಬ ಹುಡುಗ ವಾದಕ್ಕೆ ನಿಂತ. ಮೂರು ವರ್ಷ ಹಳೆಯದಾದ, ಸಹಾಯಧನವಿಲ್ಲದೆ ಕೊಂಡಿದ್ದರೆ 4,00,000ಕ್ಕೆ ನಿಲ್ಲುತ್ತಿದ್ದ ಯಂತ್ರ ಎಡಗಡೆಯ ಪುಸ್ತಕದಲ್ಲಿ 6,40,000ಕ್ಕೆ ನಿಂತಿರುವುದು ಸರಿಯೇ ಎಂದು ಅವನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ನಿಯಮ ಹಾಗೆ ಬರೆಯಲು ಬಿಡುತ್ತದೆ. ಆದರೆ ಉಳಿದ ಎರಡು ವರ್ಷದಲ್ಲಿ ಆ ಯಂತ್ರ ಅಷ್ಟು ಹಣವನ್ನು ದುಡಿದು ಕೊಡಬಲ್ಲದೇ, ಅಥವಾ ಮಾರಿದರೆ ಅಷ್ಟು ಬೆಲೆ ಬರುತ್ತದೆಯೇ ಎಂದು ನೋಡಬೇಕು. ಎರಡೂ ಇಲ್ಲವಾದರೆ ಆಸ್ತಿ ಮೌಲ್ಯ ಕುಸಿತದ ನಿಯಮದಂತೆ ಹೆಚ್ಚಿನದನ್ನು ಆಗಲೇ ನಷ್ಟವೆಂದು ಬರೆಯಬೇಕಾಗುತ್ತದೆ. ನನಗೆ ಕೇಳಿದರೆ, ಎಎಸ್ 12ರ ಈ ಭಾಗಕ್ಕಿಂತ ಇಂಡ್ ಎಎಸ್‌ನ ದಾರಿಯೇ ನೇರ. ಷರತ್ತು ಮುರಿದದ್ದರ ಹೊರೆ ಮುರಿದ ವರ್ಷದಲ್ಲೇ ಕಾಣಬೇಕು. ಎಎಸ್ 12 ಕೂಡ ಸಹಾಯಧನ ಮರಳಿಸುವುದನ್ನು ಅಸಾಮಾನ್ಯ ಬಾಬ್ತೆಂದು ಕರೆಯುತ್ತದೆ. ಬಲಗಡೆಯವರ 2,40,000 ಆ ಹಣೆಪಟ್ಟಿಯೊಂದಿಗೆ ಬೇರೆಯಾಗಿ ಕಾಣುತ್ತದೆ. ಎಡಗಡೆಯವರದು ಸವಕಳಿಯೊಳಗೆ ಕರಗಿಹೋಗುತ್ತದೆ.

ಮಾದರಿ ಪಾಠ ಅಲ್ಲಿಗೆ ಮುಗಿಯಿತು. ಆಮೇಲಿನ ವಾರಗಳಲ್ಲಿ ಇದೇ ವಿಷಯವನ್ನು ಆರಿಸಿಕೊಂಡ ಮೂವರು ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸಿದೆ. ಅಲ್ಲಿ ಕಂಡ ಎರಡು ತೊಡಕುಗಳನ್ನು ಇಲ್ಲಿ ದಾಖಲಿಸುವುದು ಮುಂದಿನ ತಂಡಕ್ಕೆ ಉಪಯೋಗವಾದೀತು.

ಮೊದಲನೆಯದು ಎರಡು ದಾರಿಗಳನ್ನು ಬೆರೆಸುವುದು. ಒಬ್ಬರ ತರಗತಿಯಲ್ಲಿ ಕೆಲವು ಮಕ್ಕಳು ಯಂತ್ರದ ಬೆಲೆಯಲ್ಲಿ 4,00,000 ಕಳೆದು 1,20,000 ಸವಕಳಿ ಬರೆದರು, ಮೇಲಿಂದ 80,000 ಆದಾಯವನ್ನೂ ಬರೆದರು. ನಿವ್ವಳ ಹೊರೆ 40,000! ಸಹಾಯಧನ ಎರಡು ಸಲ ಅನುಕೂಲ ಮಾಡಿಕೊಟ್ಟಿತು. ಪ್ರಶಿಕ್ಷಣಾರ್ಥಿ ಅದನ್ನು ಗಮನಿಸಿದರು, ಆದರೆ "ಹೀಗೆ ಮಾಡಬಾರದು" ಎಂದು ಹೇಳಿ ಬಿಟ್ಟರು. ಐದು ವರ್ಷದ ಒಟ್ಟು ಹಾಕಿಸಿದ್ದರೆ ಮಕ್ಕಳಿಗೇ ಗೊತ್ತಾಗುತ್ತಿತ್ತು. 40,000ದಂತೆ ಐದು ವರ್ಷಕ್ಕೆ 2,00,000 ಆಗುತ್ತದೆ, ಕೈಯಿಂದ ಹೋದದ್ದು 6,00,000.

ಎರಡನೆಯದು ಇನ್ನೂ ಸೂಕ್ಷ್ಮ, ಬರೆದವರಿಗೂ ಬೇಗ ಕಾಣುವುದಿಲ್ಲ. ಇನ್ನೊಬ್ಬರು ಸ್ಥಿರ ಕಂತಿನ ಬದಲು ಇಳಿಯುವ ಶಿಲ್ಕಿನ ವಿಧಾನದಲ್ಲಿ, ಶೇಕಡಾ 20ರಂತೆ ಸವಕಳಿ ಹಾಕಿಸಿದರು. ಮೊದಲ ವರ್ಷ 10,00,000ಕ್ಕೆ 2,00,000, ಎರಡನೇ ವರ್ಷ ಉಳಿದ 8,00,000ಕ್ಕೆ 1,60,000. ಸರಿ. ಆದರೆ ಮುಂದೂಡಿದ ಸಹಾಯಧನದಿಂದ ಎರಡೂ ವರ್ಷ 80,000ದಂತೆಯೇ ತೆಗೆದರು. ಎರಡನೇ ವರ್ಷದ ನಿವ್ವಳ ಹೊರೆ 80,000 ಆಯಿತು. ಬೆಲೆಯಲ್ಲಿ ಕಳೆದವರ ಲೆಕ್ಕದಲ್ಲಿ ಆ ವರ್ಷ 4,80,000ಕ್ಕೆ ಶೇಕಡಾ 20, ಅಂದರೆ 96,000. ಎರಡೂ ದಾರಿ ಸಮವಾಗಬೇಕಾದರೆ ಸವಕಳಿ ಯಾವ ಪ್ರಮಾಣದಲ್ಲಿ ಇಳಿಯುತ್ತದೋ ಸಹಾಯಧನವೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ಎರಡನೇ ವರ್ಷ 3,20,000ಕ್ಕೆ ಶೇಕಡಾ 20ರಂತೆ 64,000 ತೆಗೆದರೆ 1,60,000ದಲ್ಲಿ ಅದು ಹೋಗಿ 96,000 ಸಿಗುತ್ತದೆ. ತರಗತಿಯ ಮಕ್ಕಳು ಎರಡು ಉತ್ತರ ಬಂದದ್ದನ್ನು ನೋಡಿ ಗಲಿಬಿಲಿಗೊಂಡರು. ಪ್ರಶಿಕ್ಷಣಾರ್ಥಿ ಗಡಿಬಿಡಿಯಲ್ಲಿ "ವಿಧಾನ ಬೇರೆಯಾದ್ದರಿಂದ ಉತ್ತರ ಬೇರೆ" ಎಂದುಬಿಟ್ಟರು. ನಾನು ಹೇಳಿದ ತಪ್ಪಿಗೆ ತಿರುಗುಮುರುಗಾದ ತಪ್ಪು. ಚರ್ಚೆಯಲ್ಲಿ ಅವರನ್ನು ಆಕ್ಷೇಪಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಮೂರನೇ ಬೆಂಚಿನ ಆ ಹುಡುಗಿಯ ವಿಷಯ. ಎರಡನೇ ಅವಧಿ ಮುಗಿದ ಮೇಲೆ ಅವಳು ನೋಟ್‌ಬುಕ್ ಹಿಡಿದು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಪ್ರಶ್ನೆ ಅವಳ ಮನೆಯದೇ ಆಗಿತ್ತು. ಅಪ್ಪನ ಗಿರಣಿಯ ಯಂತ್ರವನ್ನು ಜಾಗ ಬದಲಿಸಿದ್ದಕ್ಕೆ ನೋಟಿಸ್ ಬಂದಿತ್ತಂತೆ. ಮೊತ್ತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ನಮ್ಮ ಲೆಕ್ಕದವರು ಯಂತ್ರದ ಬೆಲೆಯಲ್ಲೇ ಕಳೆದಿದ್ದರು ಸರ್. ಹಾಗಿದ್ದರೆ ವಾಪಸ್ ಕಟ್ಟಿದ್ದು ಈ ವರ್ಷದ ನಷ್ಟಕ್ಕೆ ಪೂರ್ತಿ ಬರಲ್ಲ ಅಲ್ವಾ?"

"ಬರಲ್ಲ. ಯಂತ್ರಕ್ಕೆ ಸೇರುತ್ತೆ. ಉಳಿದ ವರ್ಷಗಳಲ್ಲಿ ಸವಕಳಿ ಜಾಸ್ತಿ ಆಗುತ್ತೆ" ಎಂದೆ. "ಆದರೆ ಹಣ ಮಾತ್ರ ಈ ವರ್ಷವೇ ಬ್ಯಾಂಕಿನಿಂದ ಹೋಗುತ್ತೆ, ಅದನ್ನು ಯಾವ ನಮೂದೂ ತಡೆಯಲ್ಲ. ಯಂತ್ರ ಆ ಬೆಲೆ ಬಾಳುತ್ತದಾ ಅಂತ ಲೆಕ್ಕಪರಿಶೋಧಕರ ಹತ್ತಿರ ಕೇಳಿ ಅಂತ ಅಪ್ಪನಿಗೆ ಹೇಳಮ್ಮ."

ಅವಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತನ್ನದೇ ಅಂಕಿಗಳಿಂದ ನಮೂದು ಬರೆದುಕೊಂಡಿದ್ದಳು. ಯಂತ್ರ ಖಾತೆ ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಕೆಳಗೆ ಉಳಿದ ವರ್ಷಗಳಿಂದ ಭಾಗಿಸಿದ್ದಳು. ಒಂದು ಕಡೆ ಉಳಿದ ಬಾಳಿಕೆಯ ಬದಲು ಪೂರ್ತಿ ಬಾಳಿಕೆಯಿಂದ ಭಾಗಿಸಿ, ಆಮೇಲೆ ಗೀಟು ಹಾಕಿ ತಿದ್ದಿದ್ದಳು. ತಿದ್ದಿದ್ದು ಸರಿಯಾಗಿತ್ತು.